ತಾಮ್ರದ ಬಿಂದಿಗೆ: ಬಣ್ಣಕ್ಕಿಂತ ಮೊದಲು ಅಂಚು ನೋಡಿ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆಯ ಹಳೆಯ ಮನೆಗಳ ಬಚ್ಚಲಲ್ಲಿ ಒಂದು ಕಾಲಕ್ಕೆ ತಾಮ್ರದ ಹಂಡೆ ಇಲ್ಲದೆ ನಡೆಯುತ್ತಿರಲಿಲ್ಲ. ಗೀಸರ್ ಬಂತು, ಹಂಡೆ ಅಟ್ಟ ಸೇರಿತು, ಅಲ್ಲಿಂದ ಬಹಳಷ್ಟು ಗುಜರಿಗೆ ಹೋಯಿತು. ಈಗ ಅದೇ ಬಡಾವಣೆಗಳ ಫ್ಲ್ಯಾಟುಗಳಿಗೆ ತಾಮ್ರ ಇನ್ನೊಂದು ದಾರಿಯಿಂದ ಮರಳಿ ಬರುತ್ತಿದೆ. ಅಡುಗೆಮನೆಯ ಕಟ್ಟೆಯ ಮೇಲೆ ನಲ್ಲಿ ಇರುವ ನೀರಿನ ಬಿಂದಿಗೆ, ಪೂಜೆಗೆ ತಂಬಿಗೆ, ಬಾಗಿಲ ಬಳಿ ಹೂವು ತೇಲಿಬಿಡಲು ಹಿತ್ತಾಳೆಯ ಉರುಳಿ. ಮೊದಲು ಪಾತ್ರೆ ಅಂಗಡಿಗೆ ಹೋಗಿ, ಕೈಯಲ್ಲಿ ಎತ್ತಿ, ಬೆರಳಲ್ಲಿ ತಟ್ಟಿ, ತಕ್ಕಡಿಗೆ ಹಾಕಿಸಿ ತರುತ್ತಿದ್ದರು. ಈಗ ಮೊಬೈಲಿಗೆ ಬಂದ ನಾಲ್ಕು ಫೋಟೊ ನೋಡಿ ದುಡ್ಡು ಕಳಿಸುತ್ತಾರೆ. ಎಲ್ಲದರ ಮೇಲೂ ಒಂದೇ ಮಾತು ಬರೆದಿರುತ್ತದೆ: ಶುದ್ಧ ತಾಮ್ರ, ಶುದ್ಧ ಹಿತ್ತಾಳೆ.

ನಾನು ಕೆಲಸದ ವರ್ಷಗಳನ್ನೆಲ್ಲ ಪೀಣ್ಯದಲ್ಲಿ ಲೋಹ ಪರೀಕ್ಷೆ ಮಾಡುತ್ತ ಕಳೆದವನು. ಅದಕ್ಕೇ ಪರಿಚಯದವರು ಇಂಥ ಫೋಟೊಗಳನ್ನು ನನಗೆ ಕಳಿಸಿ ಕೇಳುತ್ತಾರೆ. ಫೋಟೊ ನೋಡಿ ಲೋಹ ಹೇಳಬಹುದೇ? ಕೆಲವು ಸಂಗತಿ ಖಂಡಿತವಾಗಿ ಹೇಳಬಹುದು, ಕೆಲವನ್ನು ಎಂದಿಗೂ ಹೇಳಲಾಗದು. ಜನ ಸಾಮಾನ್ಯವಾಗಿ ಮೊದಲು ನೋಡುವುದು ಬಣ್ಣವನ್ನು, ಆಮೇಲೆ ತೂಕವನ್ನು. ಈ ಎರಡೂ ಸುಲಭವಾಗಿ ಮೋಸ ಮಾಡುತ್ತವೆ. ಲೋಹದ ನಿಜ ಗೊತ್ತಾಗುವುದು ಕತ್ತರಿಸಿದ ಅಂಚಿನಲ್ಲಿ, ಸವೆದ ತಳದಲ್ಲಿ, ಬೆಸುಗೆಯಲ್ಲಿ.

ಬಣ್ಣದಿಂದಲೇ ಶುರು ಮಾಡೋಣ. ಆಗಷ್ಟೇ ಉಜ್ಜಿದ ತಾಮ್ರ ನಸುಗೆಂಪು, ಕಿತ್ತಳೆಯ ಛಾಯೆಯದು. ಹಿತ್ತಾಳೆ ಎಂದರೆ ತಾಮ್ರಕ್ಕೆ ಸತು ಬೆರೆಸಿದ್ದು. ಸತು ನೂರಕ್ಕೆ 10ರಿಂದ 15 ಇದ್ದರೆ ಕೆಂಪು ಮಿಶ್ರಿತ ಹೊನ್ನಿನ ಬಣ್ಣ, 30 ದಾಟಿದರೆ ನಮಗೆಲ್ಲ ಗೊತ್ತಿರುವ ಹಳದಿ. ಹಗಲು ಬೆಳಕಲ್ಲಿ ಕೈಯಲ್ಲಿ ಹಿಡಿದರೆ ಇವನ್ನು ಬೇರೆ ಮಾಡುವುದು ಕಷ್ಟವಲ್ಲ. ಆದರೆ ಅಡುಗೆಮನೆಯ ಹಳದಿ ಬಲ್ಬಿನ ಕೆಳಗೆ ತೆಗೆದ ಫೋಟೊದಲ್ಲಿ ಹಿತ್ತಾಳೆ ತಾಮ್ರದಂತೆ ಕಾಣುತ್ತದೆ, ಬಿಳಿ ಟ್ಯೂಬ್‌ಲೈಟಿನಲ್ಲಿ ತಾಮ್ರವೇ ಮಂಕಾಗಿ ಹಿತ್ತಾಳೆಯ ಹತ್ತಿರ ಬರುತ್ತದೆ. ಮೊಬೈಲು ತನ್ನಷ್ಟಕ್ಕೆ ಬಣ್ಣ ತಿದ್ದುವುದು ಬೇರೆ.

ಹಾಗಾಗಿ ಬರೀ ಪಾತ್ರೆಯ ಫೋಟೊ ಒಪ್ಪಬೇಡಿ. ಕಿಟಕಿಯ ಬೆಳಕಿನಲ್ಲಿ, ಬಿಳಿ ಕಾಗದದ ಮೇಲೆ, ಪಕ್ಕದಲ್ಲಿ ಎರಡು ಸಾಮಾನು ಇಟ್ಟು ತೆಗೆಯಲು ಹೇಳಿ. ಒಂದು, ಮೇಲಿನ ಪ್ಲಾಸ್ಟಿಕ್ ಸುಲಿದ ಮನೆಯ ವೈರಿಂಗ್ ತಂತಿಯ ತುಂಡು. ಒಳ್ಳೆಯ ವೈರಿನ ತಂತಿ ಬಹುತೇಕ ಅಪ್ಪಟ ತಾಮ್ರ. ಕರೆಂಟು ಚೆನ್ನಾಗಿ ಹರಿಯಬೇಕಾದರೆ ಅದು ಹಾಗೆಯೇ ಇರಬೇಕು. ಇನ್ನೊಂದು, ಹಳದಿ ಬಣ್ಣದ ಐದು ರೂಪಾಯಿ ನಾಣ್ಯ. ಅದು ತಾಮ್ರ, ಸತು, ನಿಕಲ್ ಸೇರಿದ ಮಿಶ್ರಲೋಹ, ಹಿತ್ತಾಳೆಯ ಸಂಬಂಧಿಯೇ. ಕಾಗದ ಫೋಟೊದಲ್ಲಿ ಬಿಳಿಯಾಗಿಯೇ ಕಂಡರೆ ಬೆಳಕು ಸರಿಯಿದೆ ಎಂದರ್ಥ. ಆಗ ಪಾತ್ರೆ ತಂತಿಯ ಕಡೆಗಿದೆಯೋ ನಾಣ್ಯದ ಕಡೆಗಿದೆಯೋ ಎಂದು ಕಣ್ಣೇ ಹೇಳುತ್ತದೆ.

ಅದೇ ಕಾಗದವನ್ನು ಪಾತ್ರೆಯ ಹೊಟ್ಟೆಗೆ ಹತ್ತಿರ ಹಿಡಿದು, ಅದರ ಪ್ರತಿಬಿಂಬ ಬೀಳುವಂತೆ ಇನ್ನೊಂದು ಫೋಟೊ ಕೇಳಿ. ಬರಿಯ ತಾಮ್ರದಲ್ಲಿ ಬಿಳಿ ಕಾಗದದ ಬಿಂಬ ಕಿತ್ತಳೆಯಾಗಿ ಕಾಣುತ್ತದೆ, ಏಕೆಂದರೆ ಬಣ್ಣವುಳ್ಳ ಲೋಹ ತಾನು ಹಿಂದಿರುಗಿಸುವ ಬೆಳಕಿಗೂ ತನ್ನ ಬಣ್ಣ ಕೊಡುತ್ತದೆ. ತಾಮ್ರದ ಬಣ್ಣದ ಪೇಂಟು ಬಳಿದ ಅಲ್ಯೂಮಿನಿಯಂ ಅಥವಾ ತಗಡಿನಲ್ಲಿ ಆ ಮಿಂಚು ಬಿಳಿಯಾಗಿ ಮೇಲೆ ತೇಲಿದಂತಿರುತ್ತದೆ. ದೀಪ ಬೇಡ, ಕಾಗದವೇ ಬೇಕು. ದೀಪದ ಬೆಳಕು ಜಾಸ್ತಿಯಾಗಿ ಕ್ಯಾಮೆರಾದಲ್ಲಿ ಎಲ್ಲ ಲೋಹವೂ ಬಿಳಿಯಾಗಿಬಿಡುತ್ತದೆ.

ಇಷ್ಟು ಮಾಡಿದರೂ ಬಣ್ಣದಿಂದ ತಿಳಿಯುವುದು ಮೈಮೇಲಿನ ಪದರ ಮಾತ್ರ. ಕಬ್ಬಿಣ ಅಥವಾ ಸ್ಟೀಲಿನ ಮೇಲೆ ವಿದ್ಯುತ್ತಿನಿಂದ ನಿಜವಾದ ತಾಮ್ರವನ್ನೇ ಕೆಲವು ಮೈಕ್ರಾನ್ ದಪ್ಪಕ್ಕೆ ಕೂರಿಸಬಹುದು. ಪೀಣ್ಯದಲ್ಲಿ ಇಂಥ ಪ್ಲೇಟಿಂಗ್ ಮಾಡುವ ಘಟಕಗಳು ಎಷ್ಟೋ ಇವೆ. ಅದು ಒಂದು ಪ್ರಾಮಾಣಿಕ ಕಸುಬು, ಯಂತ್ರದ ಭಾಗಗಳಿಗೆ ಬೇಕೇ ಬೇಕಾದದ್ದು. ಮೋಸವಾಗುವುದು ಅಂಥ ಪಾತ್ರೆಯನ್ನು ‘ಶುದ್ಧ ತಾಮ್ರ’ ಎಂದು ತಾಮ್ರದ ಬೆಲೆಗೆ ಮಾರಿದಾಗ. ತಾಮ್ರ ಕಬ್ಬಿಣಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ದುಬಾರಿ, ಆದ್ದರಿಂದ ಆಸೆಗೆ ಕಾರಣವೂ ಇದೆ. ಇಂಥ ಪಾತ್ರೆಯ ಫೋಟೊದಲ್ಲಿ ಕಾಣುವ ಬಣ್ಣ ಸುಳ್ಳಲ್ಲ, ಅದು ತಾಮ್ರವೇ. ವಾರವಾರ ಹುಣಸೆಹಣ್ಣು ಹಾಕಿ ತಿಕ್ಕುತ್ತ ಬಂದರೆ ಆ ಪದರ ಸವೆದು ಒಳಗಿನದು ಹೊರಬೀಳುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿ ಹೇಳುತ್ತೇನೆ. ಯಲಹಂಕ ಉಪನಗರದಲ್ಲಿರುವ ನನ್ನ ಅಕ್ಕನ ಮಗಳು ಒಂದು ಬಿಂದಿಗೆಯ ಫೋಟೊಗಳನ್ನು ಕಳಿಸಿದಳು. ಏಳು ಲೀಟರಿನದು, ಮುಂದೆ ಹಿತ್ತಾಳೆಯ ನಲ್ಲಿ, ಮೈತುಂಬ ಸುತ್ತಿಗೆ ಏಟಿನ ಗುರುತು. ತಳದಲ್ಲಿ ಇಂಗ್ಲಿಷಿನಲ್ಲಿ ‘ಪ್ಯೂರ್ ಕಾಪರ್’ ಎಂಬ ಮುದ್ರೆ. ಮಾರುವವನು ಬರೆದದ್ದು: ತೂಕ 750 ಗ್ರಾಂ, ತಗಡು ಒಂದು ಮಿಲಿಮೀಟರ್ ದಪ್ಪ, ಗಟ್ಟಿ ಮಾಲು.

“ಮಾವ, ಮುದ್ರೆಯೇ ಇದೆಯಲ್ಲ, ತೊಗೊಳ್ಳಲಾ?” ಅಂದಳು.

“ಮುದ್ರೆ ಆಮೇಲೆ ನೋಡೋಣ ಪುಟ್ಟಿ. ಮೊದಲು ಹೊಟ್ಟೆಯ ಅಗಲ ಎಷ್ಟಿದೆ, ಟೇಪು ಹಿಡಿದು ಫೋಟೊ ಕಳಿಸೋಕೆ ಹೇಳು” ಅಂದೆ.

ಅಗಲ 24 ಸೆಂಟಿಮೀಟರ್ ಬಂತು. ಬಿಂದಿಗೆಯನ್ನು ಸುಮಾರಾಗಿ ಒಂದು ಗುಂಡು ಎಂದು ಎಣಿಸಿದರೆ ಅದರ ಮೈಯ ವಿಸ್ತೀರ್ಣ 24ರಿಂದ 24ನ್ನು ಗುಣಿಸಿ, ಮತ್ತೆ 3.14ರಿಂದ ಗುಣಿಸಿದಷ್ಟು, ಅಂದರೆ 1,800 ಚದರ ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಕಂಠ, ಅಡಿಬಳೆ ಸೇರಿಸಿ 1,900 ಎಂದು ಹಿಡಿಯೋಣ. ತಗಡು ನಿಜವಾಗಿ ಒಂದು ಮಿಲಿಮೀಟರ್ ದಪ್ಪವಿದ್ದರೆ ಲೋಹದ ಗಾತ್ರ 190 ಘನ ಸೆಂಟಿಮೀಟರ್. ತಾಮ್ರ ಒಂದು ಘನ ಸೆಂಟಿಮೀಟರಿಗೆ 8.9 ಗ್ರಾಂ ತೂಗುತ್ತದೆ. ಲೆಕ್ಕ ಹಾಕಿದರೆ ಬಿಂದಿಗೆ 1 ಕಿಲೊ 700 ಗ್ರಾಂ ಆಸುಪಾಸು ಇರಬೇಕಿತ್ತು. ಇಲ್ಲಿ ಹೇಳಿರುವುದು ಅದರ ಅರ್ಧಕ್ಕಿಂತ ಕಡಿಮೆ, ಅದೂ ನಲ್ಲಿ ಸೇರಿ. ಅಂದಮೇಲೆ ತಾಮ್ರವೇ ಆಗಲಿ, ಲೇಪ ಹಾಕಿದ ಸ್ಟೀಲೇ ಆಗಲಿ, ‘ಒಂದು ಮಿಲಿಮೀಟರ್’ ಎಂಬುದು ಮೊದಲ ಸುಳ್ಳು. ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು ಮಾತ್ರ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ‘ಭಾರ ಇದೆ, ಅದಕ್ಕೇ ಅಪ್ಪಟ’ ಎನ್ನುವುದು ನಮ್ಮಲ್ಲಿ ಬೇರೂರಿದ ನಂಬಿಕೆ. ಅಲ್ಯೂಮಿನಿಯಮ್ಮಿನ ಎದುರಿಗೆ ಅದು ಸರಿ. ಅಲ್ಯೂಮಿನಿಯಂ ಒಂದು ಘನ ಸೆಂಟಿಮೀಟರಿಗೆ 2.7 ಗ್ರಾಂ ಮಾತ್ರ, ಎತ್ತಿದ ಕೂಡಲೇ ತಿಳಿಯುತ್ತದೆ. ಆದರೆ ಸ್ಟೀಲು 7.8ರಿಂದ 8, ತಾಮ್ರ 8.9. ಒಂದೇ ಅಳತೆ, ಒಂದೇ ದಪ್ಪದ ಎರಡು ಬಿಂದಿಗೆಗಳಲ್ಲಿ ತಾಮ್ರದ್ದು ಒಂದು ಕಿಲೊ ತೂಗಿದರೆ ಸ್ಟೀಲಿನದು 880 ಗ್ರಾಂ ತೂಗುತ್ತದೆ. ಸ್ಟೀಲಿನ ತಗಡನ್ನು ಕೂದಲೆಳೆಯಷ್ಟು ದಪ್ಪ ಮಾಡಿದರೆ ಆ ವ್ಯತ್ಯಾಸವೂ ಮುಚ್ಚಿಹೋಗುತ್ತದೆ. ನಮ್ಮ ಬಿಂದಿಗೆಯ 750 ಗ್ರಾಂ 0.44 ಮಿಲಿಮೀಟರಿನ ತಾಮ್ರಕ್ಕೂ ಹೊಂದುತ್ತದೆ, ಅರ್ಧ ಮಿಲಿಮೀಟರಿನ ಸ್ಟೀಲಿಗೂ ಹೊಂದುತ್ತದೆ. ಅಳತೆ ಮತ್ತು ತೂಕ ಕೂಡಿದರೆ ತಗಡಿನ ದಪ್ಪ ತಿಳಿಯುತ್ತದೆ. ಲೋಹ ಯಾವುದೆಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಅದಕ್ಕೆ ಎರಡನೆಯ ಫೋಟೊ ಕೇಳಿಸಿದೆ. ನಲ್ಲಿಯ ನಟ್ಟು ಬಿಚ್ಚಿ, ವಾಷರ್ ತೆಗೆದು, ತೂತಿನ ಅಂಚನ್ನು ಹತ್ತಿರದಿಂದ ತೆಗೆಯಬೇಕು ಎಂದೆ. ಬಿಂದಿಗೆಯ ಬಾಯಂಚನ್ನು ಯಾವಾಗಲೂ ಹೊರಕ್ಕೆ ಮಡಚಿರುತ್ತಾರೆ, ಅಲ್ಲಿ ತಗಡಿನ ಕತ್ತರಿಸಿದ ಮೈ ಮಡಿಕೆಯೊಳಗೆ ಅಡಗಿರುತ್ತದೆ. ನಲ್ಲಿಯ ತೂತಿನಲ್ಲಿ ಮಾತ್ರ ತಗಡಿನ ಒಳಪದರ ಬೆತ್ತಲೆಯಾಗಿ ಕಾಣುತ್ತದೆ. ಅಲ್ಲಿ ಮೈಯ ಬಣ್ಣವೇ ಈ ಕಡೆಯಿಂದ ಆ ಕಡೆಯವರೆಗೆ ಇದ್ದರೆ ತಾಮ್ರ. ನಡುವೆ ಬಿಳಿ ಅಥವಾ ಬೂದು ಗೆರೆ ಕಂಡು, ಎರಡು ಬದಿಗೆ ಮಾತ್ರ ಕೆಂಪು ಎಳೆ ಇದ್ದರೆ ಅದು ಲೇಪ. ತೂತು ಕೊರೆದ ಮೇಲೆ ಲೇಪ ಹಾಕಿದ್ದರೆ ಅಂಚೂ ಕೆಂಪಾಗಿರಬಹುದು ನಿಜ. ಆದರೆ ನಟ್ಟು ತಿರುಗಿಸಿ ಬಿಗಿಯುವಾಗ ಲೋಹದ ವಾಷರ್ ಆ ಜಾಗವನ್ನೇ ಗೀಚುತ್ತದೆ, ಗೀಚಿದಲ್ಲಿ ಒಳಗಿನದು ಇಣುಕುತ್ತದೆ.

ಫೋಟೊ ಬಂತು. ಸುತ್ತ ಅರ್ಧ ಚಂದ್ರಾಕಾರದ ಗೀರುಗಳು, ಎಲ್ಲವೂ ಬೆಳ್ಳಗೆ. ಕೇಳದೆ ಇದ್ದರೂ ಅದೇ ಚಿತ್ರದ ಮೂಲೆಯಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಸುತ್ತಿಗೆ ಏಟಿನ ಪ್ರತಿಯೊಂದು ಗುಳಿಗೂ ಒಳಮೈಯಲ್ಲಿ ಒಂದೊಂದು ಉಬ್ಬು ಇತ್ತು, ಸಾಲಾಗಿ, ಒಂದೇ ಅಂತರದಲ್ಲಿ. ಕೈಕೆಲಸದವನು ಪಾತ್ರೆಯನ್ನು ಒಳಗಿನಿಂದ ನಯವಾದ ಕಬ್ಬಿಣದ ಗೂಟಕ್ಕೆ ಆನಿಸಿ ಹೊರಗಿನಿಂದ ಬಡಿಯುತ್ತಾನೆ. ಪ್ರತಿ ಏಟೂ ಪಕ್ಕದ ಏಟನ್ನು ಸ್ವಲ್ಪ ಮುಚ್ಚುತ್ತದೆ, ಒಳಮೈ ಬಹುಮಟ್ಟಿಗೆ ನುಣುಪಾಗಿಯೇ ಉಳಿಯುತ್ತದೆ. ಪುಣೆಯ ತಾಂಬಟರು, ಪಂಜಾಬಿನ ಜಂಡಿಯಾಲಾ ಗುರುವಿನ ಠಠೇರರು ಹೀಗೆ ಬಡಿಯುವವರು. ಠಠೇರರ ಈ ಕಸುಬನ್ನು 2014ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಮೆದುವಾದ ತಾಮ್ರ ಬಡಿತದಿಂದ ಗಡುಸಾಗಿ, ತೆಳುವಾದ ತಗಡೂ ಆಕಾರ ಹಿಡಿದು ನಿಲ್ಲುತ್ತದೆ. ಅಚ್ಚಿನಲ್ಲಿ ಒತ್ತಿದ ಗುಳಿ ಅಲಂಕಾರಕ್ಕೆ ಮಾತ್ರ. ಅಚ್ಚಿನ ಗುಳಿ ಇದ್ದ ಮಾತ್ರಕ್ಕೆ ಲೋಹ ಕೆಟ್ಟದ್ದು ಎನ್ನಬೇಕಿಲ್ಲ, ‘ಕೈಯಲ್ಲಿ ಬಡಿದದ್ದು’ ಎಂದು ಹೇಳಿದ್ದರೆ ಆ ಮಾತು ಮಾತ್ರ ಸುಳ್ಳು. ಬಿಳಿ ಗೀರು ಕಂಡಮೇಲೆ ನಮ್ಮ ಹುಡುಗಿ ಆ ಬಿಂದಿಗೆ ಬೇಡವೆಂದಳು.

ಮುದ್ರೆಯ ವಿಷಯ. ಚಿನ್ನ, ಬೆಳ್ಳಿಗೆ ನಮ್ಮ ದೇಶದಲ್ಲಿ ಹಾಲ್‌ಮಾರ್ಕ್ ಇದೆ, ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಪರೀಕ್ಷೆಯಾಗಿ ಗುರುತು ಬೀಳುತ್ತದೆ. ತಾಮ್ರ, ಹಿತ್ತಾಳೆಗೆ ಅಂಥ ಹಾಲ್‌ಮಾರ್ಕ್ ಇಲ್ಲ. ಪಾತ್ರೆಯ ತಳದಲ್ಲಿ ‘ಶುದ್ಧ’ ಎಂದಿರಲಿ, ‘99.9’ ಎಂದಿರಲಿ, ಅದು ಮಾಡಿದವನ ಮಾತು, ಪರೀಕ್ಷೆಯ ಫಲವಲ್ಲ. ಆದರೂ ಮುದ್ರೆಯ ಫೋಟೊ ನನಗೆ ಬೇಕು, ಓದುವುದಕ್ಕಲ್ಲ, ಅಕ್ಷರದ ಗುಂಡಿಯೊಳಗೆ ನೋಡುವುದಕ್ಕೆ. ಲೇಪ ಹಾಕುವ ಮೊದಲೇ ಒತ್ತಿದ ಮುದ್ರೆಯಾದರೆ ಅಕ್ಷರಗಳ ಏಣು ಮೊಂಡಾಗಿ, ಗುಂಡಿಯ ತಳದವರೆಗೆ ಒಂದೇ ಹೊಳಪಿರುತ್ತದೆ.

ಇದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಮನೆಗಳಲ್ಲೇ ಇದೆ. ಪಾತ್ರೆಗೆ ಹೆಸರು ಹಾಕಿಸುವ ಪದ್ಧತಿ. ಮದುವೆಗೆ ಕೊಟ್ಟವರ ಹೆಸರು, ತಾರೀಖು, ಊರು, ಎಲ್ಲವನ್ನೂ ಅಂಗಡಿಯಲ್ಲೇ ಉಳಿ ಹಿಡಿದು ಚುಕ್ಕಿ ಚುಕ್ಕಿಯಾಗಿ ಕೊರೆಸುತ್ತಿದ್ದರು. ಆ ಒಂದೊಂದು ಚುಕ್ಕಿಯೂ ಮೇಲ್ಪದರವನ್ನು ಸೀಳಿ ಒಳಕ್ಕಿಳಿದ ಗಾಯ. ಅಲ್ಲಿ ಬಿಳಿ ಕಂಡರೆ, ತುಕ್ಕಿನ ಕಂದು ಕಂಡರೆ ಲೇಪ. ಕಪ್ಪು ಅಥವಾ ಹಸಿರು ಕಿಲುಬು ತುಂಬಿದ್ದು, ಒರೆಸಿದಾಗ ಮೈಯ ಬಣ್ಣವೇ ಸಿಕ್ಕರೆ ಒಳಗೂ ಅದೇ ಲೋಹ. ಹಳೆಯ ಪಾತ್ರೆ ಕೊಳ್ಳುವವರು ಹೆಸರಿದ್ದರೆ ಬೆಲೆ ಇಳಿಸಿ ಕೇಳುತ್ತಾರೆ. ನಾನಾದರೆ ಹೆಸರಿದ್ದದ್ದನ್ನೇ ಆರಿಸುತ್ತೇನೆ.

ಇದೇ ಹುಡುಗಿ ಕೆಲವು ತಿಂಗಳ ಮೇಲೆ ಹಳೆಯ ಯಲಹಂಕದ ಒಂದು ಮನೆಯ ಹಂಡೆಯ ಫೋಟೊ ಕಳಿಸಿದಳು. ಮನೆ ಕೆಡವುತ್ತಿದ್ದರಂತೆ, ಹಂಡೆ ಕೊಡುತ್ತಾರಂತೆ. ನೋಡಿದರೆ ಯಾರೂ ಬೇಡವೆನ್ನುವ ರೂಪ. ಹೊರಗೆ ಮಸಿ, ಒಳಗೆ ಬಿಳಿ ಪೊರೆ, ಹೊಟ್ಟೆಯ ಸುತ್ತ ಹಲ್ಲು ಹಲ್ಲಾಗಿ ಓಡುವ ಹಳದಿ ಗೆರೆ, ಬಾಯಂಚಿನ ಮಡಿಕೆಯಲ್ಲಿ ತುಕ್ಕು. ಸಾಲದ್ದಕ್ಕೆ, ಯಾರೋ ಅಯಸ್ಕಾಂತ ಇಟ್ಟು ನೋಡಿದ್ದರು, ಬಾಯಂಚಿಗೆ ಅಂಟಿಕೊಂಡಿತು. “ಕಬ್ಬಿಣದ್ದು ಮಾವ, ಬಿಡು” ಎಂದು ಅವಳೇ ತೀರ್ಪು ಕೊಟ್ಟಿದ್ದಳು. ಆ ಒಂದೊಂದು ಗುರುತನ್ನೂ ನಿಧಾನವಾಗಿ ನೋಡಬೇಕಾಯಿತು.

ಹಳದಿ ಗೆರೆ ಬೆಸುಗೆಯದು. ಹಳೆಯ ಕಸುಬಿನಲ್ಲಿ ದೊಡ್ಡ ಹಂಡೆಯನ್ನು ಒಂದೇ ತಗಡಿನಿಂದ ಎಬ್ಬಿಸುವುದು ಕಷ್ಟ, ಆದ್ದರಿಂದ ತುಂಡುಗಳನ್ನು ಕೂಡಿಸುತ್ತಿದ್ದರು. ಒಂದು ತಗಡಿನ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸಿ, ಒಂದು ಹಲ್ಲು ಮೇಲೆ ಒಂದು ಹಲ್ಲು ಕೆಳಗೆ ಬರುವಂತೆ ಇನ್ನೊಂದು ಅಂಚನ್ನು ಸಿಕ್ಕಿಸಿ, ನಡುವೆ ಹಿತ್ತಾಳೆಯ ಪುಡಿ ಮತ್ತು ಬಿಳಿಗಾರ ಹಾಕಿ ಕುಲುಮೆಯಲ್ಲಿ ಕಾಯಿಸುತ್ತಿದ್ದರು. ತಾಮ್ರ ಕರಗುವುದು 1,085 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಹಿತ್ತಾಳೆ ಅದಕ್ಕೆ ನೂರಕ್ಕೂ ಹೆಚ್ಚು ಡಿಗ್ರಿ ಮೊದಲೇ ಕರಗಿ ಸಂದಿಗೆ ಹರಿಯುತ್ತದೆ. ಆಮೇಲೆ ಬಡಿದು ಸಮ ಮಾಡುತ್ತಾರೆ. ಉಳಿಯುವುದು ಕೆಂಪು ಮೈಯಲ್ಲಿ ಈ ಹಳದಿ ಗರಗಸದ ಗೆರೆ. ಲೇಪ ಹಾಕಿದ ಪಾತ್ರೆಯಲ್ಲಿ ಇದು ಕಾಣಲು ಸಾಧ್ಯವೇ ಇಲ್ಲ, ಏಕೆಂದರೆ ಲೇಪ ಬೀಳುವುದು ಕೂಡಿಸಿದ ಮೇಲೆ. ಬೆಸುಗೆಯೂ ಮೈಯೂ ಒಂದೇ ಬಣ್ಣಕ್ಕೆ ಬಂದುಬಿಡುತ್ತದೆ. ಹಾಗೆಂದು ಬೆಸುಗೆ ಕಾಣದ ಪಾತ್ರೆಯೆಲ್ಲ ಸುಳ್ಳು ಎನ್ನಬೇಡಿ. ಈಗಿನ ಕಾರ್ಖಾನೆಗಳಲ್ಲಿ ತಾಮ್ರಕ್ಕೆ ತಾಮ್ರದ್ದೇ ವೆಲ್ಡಿಂಗ್ ಮಾಡಿ ಉಜ್ಜಿ ಅಳಿಸುತ್ತಾರೆ. ಹಳದಿ ಗೆರೆ ಕಂಡರೆ ತಾಮ್ರದ ಪರ ಬಲವಾದ ಸಾಕ್ಷಿ, ಕಾಣದಿದ್ದರೆ ಏನೂ ತೀರ್ಮಾನವಾಗದು.

ಹಿಡಿ, ಬಳೆ ಇರುವ ಕಡೆಯೂ ಹೀಗೆಯೇ ನೋಡಬೇಕು. ಸ್ಟೀಲಿನ ಪಾತ್ರೆಗೆ ಹಿಡಿಯನ್ನು ಸ್ಪಾಟ್ ವೆಲ್ಡಿಂಗ್ ಮಾಡುತ್ತಾರೆ, ಅದು ಬಟಾಣಿ ಕಾಳಿಗಿಂತ ಚಿಕ್ಕದಾದ ದುಂಡು ಗುಳಿ ಬಿಡುತ್ತದೆ. ತಾಮ್ರದಲ್ಲಿ ಶಾಖವೂ ಕರೆಂಟೂ ಬಲು ಬೇಗ ಹರಿದುಹೋಗುವುದರಿಂದ ಹಾಗೆ ಅಂಟಿಸುವುದು ಬಹಳ ಕಷ್ಟ. ಅದಕ್ಕೇ ತಾಮ್ರದ ಹಂಡೆಗೆ ರಿವಿಟ್ಟು ಹೊಡೆದಿರುತ್ತಾರೆ. ಆ ಹಂಡೆಯ ಬಳೆಯ ಕಿವಿಯಲ್ಲಿ ಮೂರು ರಿವಿಟ್ಟಿನ ತಲೆಗಳಿದ್ದವು, ಒಳಗಡೆಯೂ ಅವುಗಳ ಬಡಿದ ಬಾಲ ಕಾಣುತ್ತಿತ್ತು.

ಅಯಸ್ಕಾಂತ ಅಂಟಿದ್ದು? ಬಾಯಂಚು ನೆಗ್ಗದಿರಲಿ ಎಂದು ತಗಡಿನ ಮಡಿಕೆಯೊಳಗೆ ಕಬ್ಬಿಣದ ತಂತಿಯ ಬಳೆ ಇಟ್ಟು ಸುತ್ತುವುದು ಹಳೆಯ ಕ್ರಮ. ಅಯಸ್ಕಾಂತ ಹಿಡಿದದ್ದು ಆ ತಂತಿಯನ್ನು. ಮಡಿಕೆಯಿಂದ ಇಳಿದ ತುಕ್ಕೂ ಅದರದ್ದೇ. ಅಯಸ್ಕಾಂತವನ್ನು ಹೊಟ್ಟೆಗೆ, ತಳಕ್ಕೆ ಇಟ್ಟು ವಿಡಿಯೊ ಕಳಿಸಲು ಹೇಳಿದೆ, ಅಲ್ಲಿ ಜಾರಿ ಬಿತ್ತು. ತುಕ್ಕಿನ ಚುಕ್ಕಿ ಹೊಟ್ಟೆಯಲ್ಲಿ, ತಳದಲ್ಲಿ ಇದ್ದರೆ ಮಾತು ಬೇರೆ, ಆಗ ಒಳಗೆ ಕಬ್ಬಿಣವೇ ಇದೆ. ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ನಮ್ಮ ಅಡುಗೆಮನೆಯ ಎಷ್ಟೋ ಸ್ಟೀಲ್ ಪಾತ್ರೆಗಳಿಗೆ ಅಯಸ್ಕಾಂತ ಅಂಟುವುದಿಲ್ಲ. ಆದ್ದರಿಂದ ‘ಮ್ಯಾಗ್ನೆಟ್ ಹಿಡಿಯಲ್ಲ ಸಾರ್, ಅಪ್ಪಟ ತಾಮ್ರ’ ಎಂದು ಯಾರಾದರೂ ವಿಡಿಯೊ ತೋರಿಸಿದರೆ ಅದರಿಂದ ಸಾಬೀತಾಗುವುದು ಒಳಗೆ ಮಾಮೂಲಿ ಕಬ್ಬಿಣವಿಲ್ಲ ಎಂಬುದಷ್ಟೇ.

ಒಳಗಿನ ಬಿಳಿ ಪೊರೆ ಸುಣ್ಣ. ಬೋರ್‌ವೆಲ್ಲಿನ ಗಡಸು ನೀರು ವರ್ಷಗಟ್ಟಲೆ ಕಾದು ಬಿಟ್ಟುಹೋದದ್ದು. ಒಂದು ಮೂಲೆಯಲ್ಲಿ ಹುಣಸೆಹುಳಿ ಬಿಟ್ಟು ತಿಕ್ಕಿಸಿದಾಗ ನೊರೆಯೆದ್ದು ಹೋಯಿತು, ಕೆಳಗೆ ನಸುಗೆಂಪು ತಾಮ್ರ. ತಕ್ಕಡಿಯ ಮೇಲಿಟ್ಟ ಫೋಟೊದಲ್ಲಿ ಏಳು ಕಿಲೊ ಇತ್ತು. ಹಂಡೆಯ ಅಳತೆಗೆ ಲೆಕ್ಕ ಹಾಕಿದರೆ ತಗಡಿನ ದಪ್ಪ ಒಂದೂವರೆ ಮಿಲಿಮೀಟರಿನ ಹತ್ತಿರ ಬರುತ್ತದೆ. ಹಂಡೆ ಈಗ ಅವಳ ಮನೆಯಲ್ಲಿದೆ.

ಬಿಳಿ ಒಳಮೈಯ ವಿಚಾರದಲ್ಲಿ ಅಡುಗೆ ಪಾತ್ರೆಯವರು ಇನ್ನೂ ಎಚ್ಚರವಾಗಿರಬೇಕು. ತಾಮ್ರದ, ಹಿತ್ತಾಳೆಯ ಅಡುಗೆ ಪಾತ್ರೆಗೆ ಒಳಗೆ ಕಲಾಯಿ ಇರಲೇಬೇಕು. ಸರಿಯಾಗಿ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ತಯಾರಿಸಿದ ಅಥವಾ ಇಟ್ಟ ಆಹಾರ ತಿನ್ನಲು ಯೋಗ್ಯವಲ್ಲವೆಂದು 2011ರ ಆಹಾರ ಸುರಕ್ಷತಾ ನಿಯಮಗಳೂ ಹೇಳಿದ್ದವು. ಹುಳಿ ಸಾರು, ಮಜ್ಜಿಗೆ ತಾಮ್ರವನ್ನು ಕರಗಿಸಿಕೊಳ್ಳುತ್ತವೆ, ಹೊಟ್ಟೆ ತೊಳಸುತ್ತದೆ. ಹಾಗಾಗಿ ಒಳಗೆ ಬಿಳಿ ಕಂಡರೆ ಅದು ಕಲಾಯಿಯೋ, ಹೊರಗೆ ಮಾತ್ರ ತಾಮ್ರ ಹೊದಿಸಿದ ಸ್ಟೀಲೋ ಎಂದು ಕೇಳಿಕೊಳ್ಳಬೇಕು. ಕಲಾಯಿ ಹಾಕುವವನು ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, 232 ಡಿಗ್ರಿಯಲ್ಲೇ ಕರಗುವ ತವರವನ್ನು ಹತ್ತಿಯಿಂದ ಒರೆಸುತ್ತ ಹರಡುತ್ತಾನೆ. ಆ ಒರೆಸಿದ ಬೀಸು ಗುರುತು ತಣಿದ ಮೇಲೂ ಉಳಿಯುತ್ತದೆ. ಬಣ್ಣ ಮೆದು ಬೂದುಬಿಳಿ, ಬಾಯಂಚಿನಲ್ಲಿ ಒಂದೆರಡು ಕಡೆ ತವರ ಹೊರಕ್ಕೆ ಇಳಿದಿರುತ್ತದೆ, ಸೌಟು ತಾಗುವ ತಳದಲ್ಲಿ ಸವೆದು ಕೆಂಪು ಇಣುಕುತ್ತದೆ. ಸ್ಟೀಲಿನಲ್ಲಿ ಇದಾವುದೂ ಇಲ್ಲ, ಚೂಪು ಹೊಳಪು, ವೃತ್ತಾಕಾರದ ಸಣ್ಣ ಗೆರೆಗಳು. ಟಾರ್ಚು ಓರೆಯಾಗಿ ಬಿಟ್ಟು ಒಳಗಿನ ಫೋಟೊ ತೆಗೆದರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಹಿತ್ತಾಳೆಗೆ ಬಂದರೆ ‘ಶುದ್ಧ’ ಎನ್ನುವುದಕ್ಕೆ ಒಂದೇ ಅಳತೆಗೋಲಿಲ್ಲ, ಅದು ಮಿಶ್ರಣವೇ. ಕೇಳಬೇಕಾದ ಪ್ರಶ್ನೆ, ತಗಡಿನಿಂದ ಮಾಡಿದ್ದೋ ಎರಕ ಹೊಯ್ದದ್ದೋ ಎಂಬುದು. ತಗಡಿನ ಪಾತ್ರೆಯಲ್ಲಿ ದಪ್ಪ ಎಲ್ಲ ಕಡೆ ಸಮ. ಎರಕದ್ದರಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಗೆರೆ, ಒಳಗಡೆ ಮರಳಿನ ತರಿ, ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ. ಎರಕ ಹಾಕುವಾಗ ಹಳೆಯ ನಲ್ಲಿ, ಬೀಗ, ಯಂತ್ರದ ತುಂಡುಗಳೆಲ್ಲ ಕುಲುಮೆಗೆ ಹೋಗಿರಬಹುದು. ನಲ್ಲಿಗೂ ಬೀಗಕ್ಕೂ ಬಳಸುವ ಹಿತ್ತಾಳೆಯಲ್ಲಿ ಸುಲಭವಾಗಿ ಕಡೆಯಲಿ ಎಂದು ಸೀಸ ಬೆರೆಸಿರುತ್ತಾರೆ, ನೂರಕ್ಕೆ ಎರಡು ಮೂರು ಪಾಲಿನವರೆಗೂ. ದೀಪಕ್ಕೆ, ಗಂಟೆಗೆ, ಬಾಗಿಲ ಬಳಿಯ ಹೂವಿನ ಉರುಳಿಗೆ ಅದರಿಂದ ತೊಂದರೆಯಿಲ್ಲ. ಅದೇ ಉರುಳಿಯಲ್ಲಿ ಪಾಯಸ ಮಾಡುವುದು ಬೇರೆ ವಿಷಯ. ಸೀಸವನ್ನು ಬಣ್ಣದಲ್ಲಿ, ಬೆಸುಗೆಯಲ್ಲಿ, ತೂಕದಲ್ಲಿ, ಯಾವ ಫೋಟೊದಲ್ಲೂ ಯಾರಿಂದಲೂ ಕಾಣಲಾಗದು. ಅಲಂಕಾರದ ಸಾಮಾನೆಂದು ಮಾರಿದ ಎರಕದ ಹಿತ್ತಾಳೆಯನ್ನು ಒಲೆಯ ಮೇಲಿಡಬೇಡಿ.

ಪಾತ್ರೆ ಮನೆಗೆ ಬಂದ ಮೇಲೆ, ತಂಬಿಗೆಯಂಥ ಚಿಕ್ಕದಾದರೆ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಿಂದಲೇ ಒಂದು ನಿಜವಾದ ಪರೀಕ್ಷೆ ಮಾಡಬಹುದು. ಮೊದಲು ತಂಬಿಗೆಯನ್ನು ತೂಗಿ. 356 ಗ್ರಾಂ ಬಂತೆನ್ನಿ. ಈಗ ಒಂದು ಪಾತ್ರೆಯಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ತಂಬಿಗೆಗೆ ದಾರ ಕಟ್ಟಿ, ಒಳಗೂ ನೀರು ತುಂಬುವಂತೆ ಪೂರ್ತಿ ಮುಳುಗಿಸಿ, ತಳಕ್ಕೂ ಬದಿಗೂ ತಾಗದಂತೆ ಕೈಯಲ್ಲಿ ತೂಗಿ ಹಿಡಿಯಿರಿ. ತಕ್ಕಡಿ ತೋರಿಸುವ ಗ್ರಾಮುಗಳೇ ಲೋಹದ ಗಾತ್ರ, ಘನ ಸೆಂಟಿಮೀಟರಿನಲ್ಲಿ. ತಾಮ್ರವಾದರೆ 40, ಹಿತ್ತಾಳೆಯಾದರೆ 42, ಸ್ಟೀಲಾದರೆ 45ರ ಆಸುಪಾಸು. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ, ಅಲ್ಲಾಡಿಸಿ ಬಿಡಿಸಿ. ತಾಮ್ರಕ್ಕೂ ಹಿತ್ತಾಳೆಗೂ ಇರುವ ಎರಡು ಗ್ರಾಮಿನ ಅಂತರವನ್ನು ಈ ತಕ್ಕಡಿ ಹೇಳಲಾರದು, ಅಲ್ಲಿ ತಂತಿ, ನಾಣ್ಯ ಇಟ್ಟು ನೋಡಿದ ಬಣ್ಣವನ್ನೇ ನಂಬಬೇಕು. ಆದರೆ ತಾಮ್ರವೋ ಸ್ಟೀಲೋ ಎಂಬ ಐದು ಗ್ರಾಮಿನ ಅಂತರ ತಪ್ಪದೆ ಸಿಗುತ್ತದೆ. ಬಾಯಂಚಿನಲ್ಲಿ ಕಬ್ಬಿಣದ ತಂತಿ ಇರುವ ಪಾತ್ರೆಗೆ ಈ ಪರೀಕ್ಷೆ ಬೇಡ, ಎರಡು ಲೋಹ ಬೆರೆತ ಉತ್ತರ ಬರುತ್ತದೆ.

ಅಕ್ಕಸಾಲಿಗರ ಅಂಗಡಿಯ ಎಕ್ಸ್-ರೇ ಯಂತ್ರ ತಾಮ್ರವನ್ನೂ ಓದುತ್ತದೆ. ಅಲ್ಲಿ ತೋರಿಸುವುದಾದರೆ ತಳದ ಅಡಿಯಲ್ಲಿ ಅರದಿಂದ ಚಿಕ್ಕದಾಗಿ ಉಜ್ಜಿದ ಜಾಗವನ್ನೇ ತೋರಿಸಿ. ಆ ಯಂತ್ರಕ್ಕೆ ಕಾಣುವುದು ಮೇಲಿನ ತೆಳು ಪದರ ಮಾತ್ರ, ಉಜ್ಜದಿದ್ದರೆ ಲೇಪವನ್ನೇ ಓದಿ ‘ತಾಮ್ರ’ ಎಂದುಬಿಡಬಹುದು.

ಕೊನೆಗೆ ಬಿಲ್ಲಿನ ವಿಷಯ. ಬಿಲ್ಲಿನಲ್ಲಿ ‘ಪಾತ್ರೆ’ ಎಂದಷ್ಟೇ ಬರೆಸಿಕೊಳ್ಳಬೇಡಿ. ‘ತಾಮ್ರದ ಬಿಂದಿಗೆ, ನಲ್ಲಿ ಬಿಟ್ಟು ತೂಕ ಇಷ್ಟು’ ಎಂದು ಬರೆಸಿ. ಮಾರುವವರು ಕಳಿಸಿದ ಫೋಟೊ, ‘ಶುದ್ಧ’ ಎಂದು ಬರೆದ ಸಂದೇಶ ಎರಡನ್ನೂ ಅಳಿಸದೆ ಇಟ್ಟುಕೊಳ್ಳಿ. ಹೇಳಿದ ಲೋಹ ಬೇರೆ, ಕೊಟ್ಟದ್ದು ಬೇರೆ ಎಂದಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕರೆ ಮಾಡುವಾಗ ನಲ್ಲಿಯ ತೂತಿನ ಫೋಟೊ ಕೈಯಲ್ಲಿರಲಿ.